ಜ್ವರಕ್ಕೊಂದು, ಶೀತಕ್ಕೊಂದು, ಮೈಕೈ ನೋವಿಗೊಂದು: ಮೂರರಲ್ಲೂ ಪ್ಯಾರಾಸಿಟಮಾಲ್

ಆಟಿ ತಿಂಗಳ ಮಳೆಯಲ್ಲಿ ಉಡುಪಿಯ ಮೆಡಿಕಲ್ ಕೌಂಟರಿಗೆ ಬರುವ ಜ್ವರದ ಚೀಟಿಯ ಜೊತೆ ಒಂದು ಪ್ರಶ್ನೆ ಕೇಳಲೇಬೇಕು. "ಬೇರೆ ಮದ್ದು ತಗೊಳ್ತಾ ಇದ್ದೀರಾ?" ಎಂದರೆ "ಇಲ್ಲ" ಎನ್ನುತ್ತಾರೆ. ಶೀತದ ಮಾತ್ರೆಯನ್ನು ನಮ್ಮ ಜನ ಮದ್ದಿನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದರ ಬದಲು "ಶೀತಕ್ಕೆ, ತಲೆನೋವಿಗೆ, ಸೊಂಟಕ್ಕೆ ಮನೆಯಲ್ಲಿದ್ದದ್ದು ಏನಾದರೂ ನುಂಗಿದಿರಾ?" ಎಂದು ಕೇಳಿದರೆ ಪರ್ಸಿನಿಂದ ಕತ್ತರಿಸಿದ ಸ್ಟ್ರಿಪ್ ಹೊರಬರುತ್ತದೆ.

ಸಾಮಾನ್ಯವಾಗಿ ಕಾಣುವ ಒಂದು ಲೆಕ್ಕ ನೋಡಿ. ವೈದ್ಯರು ಜ್ವರಕ್ಕೆ ಬರೆದದ್ದು ಪ್ಯಾರಾಸಿಟಮಾಲ್ 650, ಆರು ಗಂಟೆಗೊಮ್ಮೆ. ನಾಲ್ಕು ಮಾತ್ರೆಗೆ 2600 ಮಿ.ಗ್ರಾಂ. ಮನೆಯಲ್ಲಿದ್ದ ಶೀತದ ಮಾತ್ರೆ ದಿನಕ್ಕೆ ಮೂರು. ಅದರಲ್ಲಿ ಮೂಗು ಬಿಡಿಸುವ ಫಿನೈಲೆಫ್ರಿನ್, ಮೂಗು ಸೋರುವುದನ್ನು ನಿಲ್ಲಿಸುವ ಕ್ಲೋರ್‌ಫೆನಿರಮಿನ್ ಜೊತೆಗೆ 500 ಮಿ.ಗ್ರಾಂ ಪ್ಯಾರಾಸಿಟಮಾಲ್ ಇದೆ: ಅಲ್ಲಿಗೆ 1500. ಸೊಂಟನೋವಿಗೆ ಹಿಂದೆಂದೋ ತಂದಿಟ್ಟ ಅಸಿಕ್ಲೋಫೆನಾಕ್ ಮಾತ್ರೆ ಬೆಳಿಗ್ಗೆ, ರಾತ್ರಿ. ಅದರಲ್ಲೂ ಪ್ಯಾರಾಸಿಟಮಾಲ್ ಬೆರೆತಿದೆ: ಒಂದೊಂದರಲ್ಲಿ 325, ಒಟ್ಟು 650. ಕೂಡಿದರೆ 4750 ಮಿ.ಗ್ರಾಂ. ಆರೋಗ್ಯವಂತ ದೊಡ್ಡವರಿಗೆ 24 ಗಂಟೆಗೆ ಮೇಲ್ಮಿತಿಯೇ 4000. ತೂಕ 50 ಕಿಲೋಗಿಂತ ಕಡಿಮೆ ಇದ್ದವರಿಗೆ, ದಿನಾ ಕುಡಿಯುವವರಿಗೆ, ಲಿವರ್ ತೊಂದರೆ ಇದ್ದವರಿಗೆ ಅಷ್ಟೂ ಸಲ್ಲದು. ಅವರ ಮಿತಿಯನ್ನು ವೈದ್ಯರೇ ಹೇಳಬೇಕು.

ಪೆಟ್ಟು ಬೀಳುವುದು ಲಿವರಿಗೆ. ಪ್ಯಾರಾಸಿಟಮಾಲಿನ ಸ್ವಲ್ಪ ಭಾಗ ಅಲ್ಲಿ ವಿಷವಸ್ತುವಾಗುತ್ತದೆ, ಅದನ್ನು ಲಿವರಿನಲ್ಲೇ ಇರುವ ಗ್ಲುಟಾಥಯೋನ್ ಎಂಬ ವಸ್ತು ತಟಸ್ಥಗೊಳಿಸುತ್ತದೆ. ಡೋಸ್ ಏರಿ ಆ ದಾಸ್ತಾನು ಮುಗಿದರೆ ಲಿವರಿನ ಜೀವಕೋಶಗಳೇ ಸಾಯತೊಡಗುತ್ತವೆ. ಮೊದಲ ದಿನ ಏನೂ ಗೊತ್ತಾಗದೆ ಇರಬಹುದು, ಇಲ್ಲವೇ ವಾಕರಿಕೆ ಮಾತ್ರ ಬರಬಹುದು. ಜ್ವರದವರಿಗೆ ವಾಕರಿಕೆ ಹೇಗೂ ಇರುವುದರಿಂದ ಯಾರೂ ಗಮನಿಸುವುದಿಲ್ಲ. ಹಾಗಾಗಿ ಮಿತಿ ಮೀರಿದ್ದು ತಿಳಿದರೆ ಕಣ್ಣು ಹಳದಿಯಾಗುವವರೆಗೆ ಕಾಯಬಾರದು. ಪ್ಯಾರಾಸಿಟಮಾಲ್ ಇರುವುದನ್ನೆಲ್ಲ ನಿಲ್ಲಿಸಿ, ಸ್ಟ್ರಿಪ್‌ಗಳನ್ನೂ ನುಂಗಿದ ಹೊತ್ತನ್ನೂ ಹಿಡಿದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಪ್ರತಿವಿಷವಾದ ಅಸಿಟೈಲ್‌ಸಿಸ್ಟೀನ್ ಬೇಗ ಸಿಕ್ಕಷ್ಟೂ ಕೆಲಸ ಮಾಡುತ್ತದೆ.

ಮೇಲಿನ ಲೆಕ್ಕದಲ್ಲಿ ಉಳಿಸಬೇಕಾದದ್ದು ಬರೀ ಪ್ಯಾರಾಸಿಟಮಾಲ್ 650. ಅದೊಂದೇ ಇದ್ದರೆ ಡೋಸ್ ಎಣಿಸುವುದು ಸುಲಭ. ಶೀತಕ್ಕೆ ಪ್ಯಾರಾಸಿಟಮಾಲ್ ಇಲ್ಲದ ಮಾತ್ರೆ ಕೊಡಬಹುದು. ಅಸಿಕ್ಲೋಫೆನಾಕನ್ನಂತೂ ಈ ಕಾಲದ ಜ್ವರಕ್ಕೆ ಸ್ವಂತ ಬುದ್ಧಿಯಿಂದ ನುಂಗಲೇಬಾರದು. ಡೆಂಗಿ ಆಗಿದ್ದರೆ ಆ ಬಗೆಯ ನೋವಿನ ಮಾತ್ರೆಯಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಇನ್ನೊಂದು ತಪ್ಪು ಮೆಡಿಕಲ್‌ನವರಾದ ನಮ್ಮ ಕತ್ತರಿಯದು. ನಾಲ್ಕು ಮಾತ್ರೆ ಕೇಳಿದಾಗ ಸ್ಟ್ರಿಪ್ಪನ್ನು ಅಡ್ಡ ಕತ್ತರಿಸುತ್ತೇವೆ. ಕಂಪನಿಯಿಟ್ಟ ದೊಡ್ಡ ಹೆಸರು ಗಿರಾಕಿಯ ಕೈಗೆ ಹೋಗುತ್ತದೆ, ಸಣ್ಣಕ್ಷರದ ಒಳಾಂಶದ ಪಟ್ಟಿ ನಮ್ಮ ಡಬ್ಬಿಯಲ್ಲೇ ಉಳಿಯುತ್ತದೆ. ಬಿಡಿ ಮಾತ್ರೆಯನ್ನು ಪೇಪರ್ ಕವರಿಗೆ ಹಾಕುವಾಗ "ಪ್ಯಾರಾಸಿಟಮಾಲ್ 500 ಇದೆ, ದಿನಕ್ಕೆ ಇಷ್ಟೇ" ಎಂದು ಪೆನ್ನಿನಲ್ಲಿ ಕನ್ನಡದಲ್ಲೇ ಬರೆದುಕೊಡಿ. ಮನೆಯಲ್ಲಿ ಮುಂದಿನ ಮಾತ್ರೆ ಬಿಡಿಸುವವರಿಗೆ ಓದಲು ಸಿಗುವುದು ಅದೊಂದೇ.