ಮೇಲ್ಮನವಿಯ ಗುಂಡಿ ಒತ್ತುವ ಮೊದಲು

"ನನ್ನ ಖಾತೆಯನ್ನು ಅಮಾನತು ಮಾಡಿದ್ದಾರೆ. ತಪ್ಪು ನನ್ನದಲ್ಲ. ಮೇಲ್ಮನವಿ ಹಾಕಿದರೆ ಹೇಗೂ ಮರಳಿ ಸಿಗುತ್ತದೆ, ಹಾಗಿರುವಾಗ ಡೇಟಾ ಇಳಿಸಿಕೊಳ್ಳುವ ಗೊಡವೆ ಈಗೇಕೆ?"

ಮೇಲ್ಮನವಿಗೆ ಬರುವ ಉತ್ತರ ಕೊನೆಯ ಉತ್ತರವಾಗಿರಬಹುದು, ಅದಕ್ಕೆ. ಅಮಾನತು ಎಂಬುದು ನಡುವಿನ ಸ್ಥಿತಿ. ಖಾತೆ ಹೊರಗಿನವರಿಗೆ ಕಾಣುವುದಿಲ್ಲ, ನೀವು ಏನನ್ನೂ ಬರೆಯಲಾರಿರಿ, ಆದರೆ ಲಾಗಿನ್ ಇನ್ನೂ ನಡೆಯುತ್ತದೆ. ಹಲವು ಜಾಲತಾಣಗಳಲ್ಲಿ ನಿಮ್ಮ ಮಾಹಿತಿಯ ಪ್ರತಿಯನ್ನು ಕೇಳುವ ಅವಕಾಶವೂ ಆ ಪರದೆಯ ಮೇಲೆಯೇ ಉಳಿದಿರುತ್ತದೆ. ಮೇಲ್ಮನವಿ ತಿರಸ್ಕೃತವಾದರೆ ಅಮಾನತು ಶಾಶ್ವತ ನಿಷೇಧವಾಗುತ್ತದೆ. ಆಮೇಲೆ ಲಾಗಿನ್ ಆದರೂ ಒಂದು ಸಾಲಿನ ಸೂಚನೆಯ ಹೊರತು ಏನೂ ಕಾಣದಿರಬಹುದು.

ನನ್ನ ಸ್ನೇಹಿತೆಯೊಬ್ಬರಿಗೆ ಹೀಗೇ ಆಯಿತು. ಒಂಬತ್ತು ವರ್ಷ ಹಕ್ಕಿಗಳ ಚಿತ್ರ ಹಾಕುತ್ತಿದ್ದ ಖಾತೆ. ಅಮಾನತಿನ ಪರದೆಯಲ್ಲಿ ಮೇಲ್ಮನವಿಯ ದೊಡ್ಡ ಗುಂಡಿ ಇತ್ತು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಮಾಹಿತಿ ಇಳಿಸಿಕೊಳ್ಳುವ ಕೊಂಡಿ ಇತ್ತು. ನೊಂದ ಮನಸ್ಸು ದೊಡ್ಡ ಗುಂಡಿಯನ್ನೇ ಒತ್ತುತ್ತದೆ. ಅವರೂ ಹತ್ತು ನಿಮಿಷದೊಳಗೆ ಅದನ್ನೇ ಒತ್ತಿದರು. ಮರುದಿನ ಬೆಳಿಗ್ಗೆ ತಿರಸ್ಕಾರದ ಉತ್ತರ ಬಂದಿತ್ತು, ಸಣ್ಣ ಅಕ್ಷರದ ಕೊಂಡಿ ಮಾಯವಾಗಿತ್ತು. ಚಿತ್ರಗಳು ಅವರ ಹಾರ್ಡ್ ಡಿಸ್ಕಿನಲ್ಲಿ ಉಳಿದಿವೆ. ಹೋದದ್ದು ಪ್ರತಿ ಚಿತ್ರದ ಕೆಳಗೆ ಅವರು ಬರೆದ ಟಿಪ್ಪಣಿ: ಯಾವ ಹೊತ್ತು, ಯಾವ ಮರ, ಹಕ್ಕಿ ಏನು ಮಾಡುತ್ತಿತ್ತು ಎಂಬ ವಿವರ. ಅದನ್ನು ಅವರು ಬೇರೆಲ್ಲೂ ಬರೆದಿಟ್ಟಿರಲಿಲ್ಲ.

ಅವಸರ ಮಾಡುವ ಅಗತ್ಯವೂ ಸಾಮಾನ್ಯವಾಗಿ ಇರುವುದಿಲ್ಲ. ಫೇಸ್‌ಬುಕ್‌ನಲ್ಲಿ ಅಮಾನತಿನ ವಿರುದ್ಧ ಮೇಲ್ಮನವಿ ಸಲ್ಲಿಸಲು 180 ದಿನಗಳ ಕಾಲಾವಕಾಶವಿದೆ. ಪ್ರತಿ ತಯಾರಾಗಲು ಎರಡು ಮೂರು ದಿನ ಹಿಡಿದರೂ ನಿಮಗೆ ನಷ್ಟವಿಲ್ಲ. ಬೇರೆ ತಾಣಗಳಲ್ಲಿ ಗಡುವು ಕಡಿಮೆ ಇರಬಹುದು. ಆದ್ದರಿಂದ ಮೊದಲ ಕೆಲಸವೆಂದರೆ ಸೂಚನೆಯಲ್ಲಿರುವ ಕೊನೆಯ ದಿನಾಂಕವನ್ನು ಬರೆದಿಟ್ಟುಕೊಂಡು ಆ ಪರದೆಯ ಚಿತ್ರ ತೆಗೆದಿಡುವುದು. ಎರಡನೆಯದು ಪ್ರತಿ ಕೇಳುವುದು. ಮೇಲ್ಮನವಿ ಮೂರನೆಯದು.

ಪ್ರತಿ ಕೇಳುವಾಗ ಪೂರ್ವನಿಗದಿಯ ಆಯ್ಕೆಗಳನ್ನು ನಂಬಬೇಡಿ. ಅವಧಿ ಕಳೆದ ಒಂದು ವರ್ಷಕ್ಕೆ ಸೀಮಿತವಾಗಿರಬಹುದು, ಅದನ್ನು `All time` ಎಂದು ಬದಲಿಸಿ. ಚಿತ್ರಗಳ ಗುಣಮಟ್ಟ ಮಧ್ಯಮದಲ್ಲಿದ್ದರೆ `High` ಮಾಡಿ. `HTML` ಮತ್ತು `JSON` ಎಂಬ ಎರಡು ರೂಪಗಳಲ್ಲಿ ಒಂದನ್ನು ಆರಿಸಿ ಎಂದು ಕೇಳಿದರೆ ಮೊದಲು `HTML` ಕೇಳಿ. ಅದು ಯಾವ ಬ್ರೌಸರ್‌ನಲ್ಲಿಯೂ ಪುಟದಂತೆ ತೆರೆಯುತ್ತದೆ. ಅದು ಕೈಗೆ ಬಂದ ಮೇಲೆ ಸಮಯವಿದ್ದರೆ `JSON` ಕೂಡ ಕೇಳಿ. ಮುಂದೆ ಹುಡುಕಲು, ವಿಂಗಡಿಸಲು ಅದು ಅನುಕೂಲ.

ಸಿದ್ಧವಾದ ಪ್ರತಿ ಎಲ್ಲಿಗೆ ಬಂದು ಇಳಿಯುತ್ತದೆ ಎಂಬುದನ್ನೂ ನೋಡಿಕೊಳ್ಳಿ, ಬಹಳ ಜನ ಎಡವುವುದು ಇಲ್ಲಿಯೇ. ಗೂಗಲ್ ಖಾತೆಯ ಮಾಹಿತಿಯ ಪ್ರತಿ ಕೊಡುವ ಗೂಗಲ್ ಟೇಕ್‌ಔಟ್‌ನಲ್ಲಿ ಕೊಂಡಿಯನ್ನು ಇಮೇಲ್‌ಗೆ ತರಿಸಬಹುದು, ಇಲ್ಲವೇ ಕಡತವನ್ನು ನೇರವಾಗಿ ಡ್ರೈವ್‌ಗೆ ಹಾಕಿಸಬಹುದು. ಮುಚ್ಚಲಿರುವ ಖಾತೆಯ ಡ್ರೈವ್‌ಗೇ ಹಾಕಿಸಿದರೆ ಮನೆ ಬಿಡುವಾಗ ಸಾಮಾನನ್ನೆಲ್ಲ ಅದೇ ಮನೆಯ ಅಟ್ಟಕ್ಕೆ ಏರಿಸಿಟ್ಟಂತೆ. ಆ ಕಡತ ಅದೇ ಖಾತೆಯ ಸಂಗ್ರಹ ಮಿತಿಯನ್ನೂ ತಿನ್ನುತ್ತದೆ. ಟೇಕ್‌ಔಟ್‌ನ ಕೊಂಡಿಗೆ ಸುಮಾರು ಒಂದು ವಾರದ ಆಯುಷ್ಯ, ಫೇಸ್‌ಬುಕ್‌ನದು ಇನ್ನೂ ಕಡಿಮೆ. ದೊಡ್ಡ ಖಾತೆಯಾದರೆ ಹಲವು ಭಾಗಗಳಾಗಿ ಬರುತ್ತದೆ. ಭಾಗಗಳನ್ನು ಎಣಿಸಿ, ಪ್ರತಿಯೊಂದನ್ನೂ ಬಿಡಿಸಿ ನೋಡಿ. ಜಿಪ್ ಕಡತ ಪೂರ್ತಿ ಇಳಿದಿದೆಯೇ ಎಂದು ತಿಳಿಯಲು ಈ ಆಜ್ಞೆ ಸಾಕು:

```
unzip -t archive.zip
```

ನಂತರ ನಿಮ್ಮ ಮೊತ್ತಮೊದಲ ಪೋಸ್ಟ್ ಮತ್ತು ಕೊನೆಯ ಪೋಸ್ಟ್ ಎರಡನ್ನೂ ಹುಡುಕಿ ತೆರೆಯಿರಿ. ಮೊದಲನೆಯದು ಸಿಗದಿದ್ದರೆ ಅವಧಿಯ ಆಯ್ಕೆ ತಪ್ಪಿದೆ. ಮಧ್ಯದ ಒಂದು ಹಳೆಯ ಚಿತ್ರವನ್ನೂ ತೆರೆದು ನೋಡಿ.

ಕನ್ನಡದಲ್ಲಿ ಬರೆಯುವವರು ಒಂದು ವಿಷಯಕ್ಕೆ ಗಾಬರಿಯಾಗಬಾರದು. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್ ಕೊಡುವ `JSON` ಕಡತದಲ್ಲಿ ಕನ್ನಡ ಅಕ್ಷರಗಳು ಕಾಣದೆ `\u00e0\u00b2\u0085` ಎಂಬಂತಹ ಸರಣಿ ಕಾಣಬಹುದು. ಬರಹ ಹಾಳಾಗಿದೆ ಎಂದುಕೊಂಡು ಅಳಿಸಿಬಿಟ್ಟವರನ್ನು ನಾನು ಕಂಡಿದ್ದೇನೆ, ಸಂಕಟವಾಗುತ್ತದೆ. ಬರಹ ಹಾಳಾಗಿಲ್ಲ. ‘ಅ’ದಂತಹ ಒಂದು ಕನ್ನಡ ಅಕ್ಷರ ಮೂರು ಬೈಟ್‌ಗಳಲ್ಲಿ ಕೂರುತ್ತದೆ, ಆ ಮೂರು ಬೈಟ್‌ಗಳನ್ನು ಮೂರು ಬೇರೆ ಬೇರೆ ಅಕ್ಷರಗಳೆಂದು ಬರೆದಿಟ್ಟಿದ್ದಾರೆ ಅಷ್ಟೆ. ಪೈಥಾನ್‌ನಲ್ಲಿ ಹೀಗೆ ಮಾಡಿದರೆ ‘ಅ’ ಮರಳಿ ಬರುತ್ತದೆ:

```python
s = "\u00e0\u00b2\u0085"
print(s.encode("latin-1").decode("utf-8"))
```

ಪ್ರತಿಯನ್ನು ಮೊದಲೇ ಪಡೆಯಲು ಇನ್ನೊಂದು ಕಾರಣವಿದೆ, ಅದು ಮೇಲ್ಮನವಿಗೇ ಬಲ ಕೊಡುತ್ತದೆ. ಅಮಾನತಿನ ಸೂಚನೆಯಲ್ಲಿ ‘ನಿಯಮ ಉಲ್ಲಂಘನೆ’ ಎಂದಷ್ಟೇ ಇರುತ್ತದೆ. ಯಾವ ಪೋಸ್ಟ್, ಯಾವಾಗ ಎಂಬುದು ಬಹುಪಾಲು ತಿಳಿಯುವುದಿಲ್ಲ. ನಿಮ್ಮ ಪ್ರತಿಯಲ್ಲಿ ಪೋಸ್ಟ್‌ಗಳ ಜತೆಗೆ ಲಾಗಿನ್ ದಾಖಲೆಯೂ ಇರುತ್ತದೆ: ಯಾವ ಹೊತ್ತಿಗೆ, ಯಾವ ಐಪಿ ವಿಳಾಸದಿಂದ, ಯಾವ ಬಗೆಯ ಸಾಧನದಿಂದ ಯಾರೋ ಒಳಗೆ ಬಂದರು ಎಂಬ ಪಟ್ಟಿ.

ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಖಾತೆ ಜಾಹೀರಾತು ಸುರಿಸಿದ ಆರೋಪದ ಮೇಲೆ ಅಮಾನತಾಯಿತು. ಅವರು ಜಾಹೀರಾತು ಹಾಕಿದವರೇ ಅಲ್ಲ. ನಾವಿಬ್ಬರೂ ಕುಳಿತು ಅವರ ಪ್ರತಿಯನ್ನು ತೆರೆದೆವು. ಲಾಗಿನ್ ಪಟ್ಟಿಯಲ್ಲಿ ತಿಂಗಳುಗಳಿಂದ ಇದ್ದದ್ದು ಅವರ ಮೊಬೈಲ್ ಮತ್ತು ಲ್ಯಾಪ್‌ಟಾಪ್ ಮಾತ್ರ. ಕೊನೆಗೆ ಒಂದು ಪರಿಚಯವಿಲ್ಲದ ಸಾಧನ, ಅದರ ಮುಂದೆ 1709241420 ಎಂಬ ಸಂಖ್ಯೆ. ಇದು 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು. ಲಿನಕ್ಸ್‌ನಲ್ಲಿ ಹೀಗೆ ಕೇಳಿದರೆ ದಿನಾಂಕ ಸಿಗುತ್ತದೆ:

```
date -u -d @1709241420
```

ಉತ್ತರ 2024ರ ಫೆಬ್ರವರಿ 29, 21:17, ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯ. ಜಾಹೀರಾತಿನ ಮೊದಲ ಪೋಸ್ಟ್‌ನ ಸಂಖ್ಯೆ 1709241655, ಅಂದರೆ ಲಾಗಿನ್ ಆಗಿ ನಾಲ್ಕು ನಿಮಿಷವೂ ಕಳೆದಿರಲಿಲ್ಲ. ನಮ್ಮ ಗಡಿಯಾರ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಅವರ ಪಾಲಿಗೆ ಅದು ಮಾರ್ಚ್ 1ರ ನಸುಕಿನ 2:47. ದಿನಾಂಕವೇ ಬದಲಾಗುತ್ತದೆ ಎಂಬುದನ್ನು ಗಮನಿಸಿ. ಮೇಲ್ಮನವಿಯಲ್ಲಿ ಸ್ಥಳೀಯ ಸಮಯವನ್ನಷ್ಟೇ ಬರೆದಿದ್ದರೆ ಪರಿಶೀಲಿಸುವವರು ತಮ್ಮ ದಾಖಲೆಯಲ್ಲಿ ತಪ್ಪು ದಿನವನ್ನು ಹುಡುಕುತ್ತಿದ್ದರು.

ಅವರು ಮೊದಲು ಬರೆದಿಟ್ಟಿದ್ದ ಎರಡು ಪುಟದ ಅಳಲನ್ನು ಬದಿಗಿಟ್ಟು ಮೂರೇ ವಾಕ್ಯ ಬರೆದೆವು. "29 ಫೆಬ್ರವರಿ 2024ರಂದು ಯುಟಿಸಿ 21:17ಕ್ಕೆ ನನ್ನದಲ್ಲದ ಸಾಧನದಿಂದ ಈ ಖಾತೆಗೆ ಲಾಗಿನ್ ಆಗಿದೆ. ಆ ಬಳಿಕ 21:20ರಿಂದ ಜಾಹೀರಾತುಗಳು ಪ್ರಕಟವಾಗಿವೆ, ಅದಕ್ಕೂ ಮೊದಲು ಇಂತಹ ಒಂದು ಪೋಸ್ಟ್ ಕೂಡ ಇಲ್ಲ. ಪಾಸ್‌ವರ್ಡ್ ಬದಲಿಸಿದ್ದೇನೆ, ಎರಡು ಹಂತದ ದೃಢೀಕರಣ ಹಾಕಿದ್ದೇನೆ." ಐಪಿ ವಿಳಾಸವನ್ನೂ ಕೆಳಗೆ ಕೊಟ್ಟೆವು. ಜಿಪ್ ಕಡತವನ್ನು ಮಾತ್ರ ಕಳುಹಿಸಲಿಲ್ಲ. ಅದರಲ್ಲಿ ಖಾಸಗಿ ಸಂದೇಶಗಳು, ಫೋನ್ ಸಂಖ್ಯೆಗಳು ಎಲ್ಲವೂ ಇರುತ್ತವೆ. ಖಾತೆ ಬಿಡಿಸಿಕೊಡುತ್ತೇವೆ ಎಂದು ಹಣ ಕೇಳುತ್ತಾ ಬರುವ ಅಪರಿಚಿತರ ಕೈಗಂತೂ ಅದನ್ನು ಎಂದಿಗೂ ಕೊಡಬೇಡಿ. ಹನ್ನೊಂದು ದಿನದ ಮೇಲೆ ಅವರ ಖಾತೆ ಮರಳಿತು. ಎಲ್ಲರಿಗೂ ಹೀಗೆಯೇ ಆಗುತ್ತದೆ ಎಂದು ನಾನು ಹೇಳಲಾರೆ. ಪರಿಶೀಲಿಸಲು ಆಗುವಂತಹ ಮಾತನ್ನು ಅವರ ಮುಂದೆ ಇಟ್ಟೆವು ಎಂದಷ್ಟೇ ಹೇಳಬಲ್ಲೆ.

ಇಷ್ಟಾದರೂ ಪ್ರತಿಯಲ್ಲಿ ಎಲ್ಲವೂ ಇರುವುದಿಲ್ಲ. ಅದು ನೀವು ಬರೆದದ್ದರ ಪ್ರತಿ. ನಿಮ್ಮ ಪೋಸ್ಟ್‌ನ ಕೆಳಗೆ ಬೇರೆಯವರು ಬರೆದ ಪ್ರತಿಕ್ರಿಯೆಗಳು ಸಾಮಾನ್ಯವಾಗಿ ಬರುವುದಿಲ್ಲ. ಎಕ್ಸ್, ಅಂದರೆ ಹಿಂದಿನ ಟ್ವಿಟರ್ ಕೊಡುವ ಪ್ರತಿಯಲ್ಲಿ ನೀವು ಅನುಸರಿಸುವವರ ಪಟ್ಟಿ ಇರುತ್ತದೆ, ಆದರೆ ಹೆಸರುಗಳಿರುವುದಿಲ್ಲ, ಉದ್ದುದ್ದ ಸಂಖ್ಯೆಗಳಿರುತ್ತವೆ. ನೇರ ಸಂದೇಶಗಳಲ್ಲೂ ಕಳುಹಿಸಿದವರ ಜಾಗದಲ್ಲಿ ಸಂಖ್ಯೆಯೇ. ಖಾತೆ ಜೀವಂತವಾಗಿರುವಾಗ ಆ ಸಂಖ್ಯೆ ಯಾರದ್ದು ಎಂದು ನೋಡಬಹುದು, ಆಮೇಲೆ ಕಷ್ಟ. ಆದ್ದರಿಂದ ನೀವು ನಿಜವಾಗಿಯೂ ಕಳೆದುಕೊಳ್ಳಲು ಬಯಸದ ಇಪ್ಪತ್ತು ಮೂವತ್ತು ಜನರ ಹೆಸರನ್ನು, ಅವರನ್ನು ಬೇರೆ ದಾರಿಯಲ್ಲಿ ತಲುಪುವ ಬಗೆಯನ್ನು ಕೈಯಾರೆ ಬರೆದಿಟ್ಟುಕೊಳ್ಳಿ. ನನ್ನ ಸ್ನೇಹಿತೆಗೆ ಇಂದಿಗೂ ಕಾಡುವುದು ಅದೇ. ಗರಿಯ ಬಣ್ಣ ನೋಡಿ ಹಕ್ಕಿಯ ಹೆಸರು ಹೇಳುತ್ತಿದ್ದ ಒಬ್ಬ ಹಿರಿಯರಿದ್ದರು. ಅವರ ಖಾತೆಯ ಹೆಸರು ಇವರಿಗೆ ನೆನಪಿಲ್ಲ.

ಅಮಾನತಿನ ಪರದೆಯಲ್ಲಿ ಇಳಿಸಿಕೊಳ್ಳುವ ಕೊಂಡಿಯೇ ಇಲ್ಲದಿದ್ದರೆ ಆ ಕಂಪನಿಯ ಗೌಪ್ಯತಾ ನೀತಿಯ ಪುಟಕ್ಕೆ ಹೋಗಿ, ಮಾಹಿತಿ ಕೋರುವ ಅರ್ಜಿ ಅಥವಾ ಇಮೇಲ್ ವಿಳಾಸ ಅಲ್ಲಿರುತ್ತದೆ. ಯುರೋಪಿಯನ್ ಒಕ್ಕೂಟದ ಜಿಡಿಪಿಆರ್ ಕಾನೂನಿನ 15ನೇ ವಿಧಿ ತನ್ನ ಬಗೆಗಿನ ಮಾಹಿತಿಯ ಪ್ರತಿ ಕೇಳುವ ಹಕ್ಕನ್ನು ವ್ಯಕ್ತಿಗೆ ಕೊಡುತ್ತದೆ. ಕಂಪನಿ ಒಂದು ತಿಂಗಳೊಳಗೆ ಉತ್ತರಿಸಬೇಕು, ಜಟಿಲವಾದ ಕೋರಿಕೆಗೆ ಇನ್ನೆರಡು ತಿಂಗಳು ತೆಗೆದುಕೊಳ್ಳಬಹುದು. ಖಾತೆ ಅಮಾನತಾದ ಮಾತ್ರಕ್ಕೆ ಈ ಹಕ್ಕು ಹೋಗುವುದಿಲ್ಲ. ಇದು ನಿಧಾನದ ದಾರಿ, ಗುರುತಿನ ಪುರಾವೆ ಕೇಳುತ್ತಾರೆ. ಮೇಲ್ಮನವಿಯ ಗಡುವು ಅದಕ್ಕಿಂತ ಮೊದಲೇ ಮುಗಿಯುವಂತಿದ್ದರೆ ಎರಡನ್ನೂ ಒಂದೇ ದಿನ ಕಳುಹಿಸಿ.

ಖಾತೆಯನ್ನು ತಾವಾಗಿಯೇ ಮುಚ್ಚುವವರಿಗೂ ಕ್ರಮ ಇದೇ. ಫೇಸ್‌ಬುಕ್‌ನಲ್ಲಿ ಅಳಿಸುವ ಕೋರಿಕೆಯನ್ನು ಹಿಂಪಡೆಯಲು 30 ದಿನಗಳಿವೆ, ಎಕ್ಸ್‌ನಲ್ಲಿಯೂ ನಿಷ್ಕ್ರಿಯಗೊಳಿಸಿದ ಖಾತೆಯನ್ನು 30 ದಿನಗಳೊಳಗೆ ಎಬ್ಬಿಸಬಹುದು. ಆದರೆ ನಿಷ್ಕ್ರಿಯ ಖಾತೆಯ ಪ್ರತಿಯನ್ನು ಎಕ್ಸ್ ಕೊಡುವುದಿಲ್ಲ, ಎಬ್ಬಿಸಿಯೇ ಕೇಳಬೇಕು. ಮುಚ್ಚುವ ಮೊದಲು ಆ ಖಾತೆಯ ಮೂಲಕ ಲಾಗಿನ್ ಆಗುತ್ತಿದ್ದ ಬೇರೆ ಸೇವೆಗಳ ಪಟ್ಟಿಯನ್ನು ಸೆಟ್ಟಿಂಗ್ಸ್‌ನಲ್ಲಿ ನೋಡಿ, ಒಂದೊಂದಕ್ಕೂ ಪ್ರತ್ಯೇಕ ಇಮೇಲ್ ಮತ್ತು ಪಾಸ್‌ವರ್ಡ್ ಕೊಟ್ಟು, ಹೊಸ ಪಾಸ್‌ವರ್ಡ್‌ನಿಂದ ಒಮ್ಮೆ ಒಳಗೆ ಹೋಗಿ ಬನ್ನಿ. ಪ್ರತಿ ಎರಡು ಕಡೆ ಉಳಿದಿದೆ, ಎರಡೂ ಕಡೆ ತೆರೆಯುತ್ತದೆ ಎಂದು ನೋಡಿದ ಮೇಲೆ ಮುಚ್ಚುವ ಗುಂಡಿಗೆ ಕೈ ಹಾಕಿ.