ಕೋಟ್ಯಂತರವೋ, ಕೋಟ್ಯಾಂತರವೋ?

“ಸರ್, ಸಂಧಿಯಲ್ಲಿ ಬರಹಗಾರರು ಹೆಚ್ಚಾಗಿ ಮಾಡುವ ತಪ್ಪು ಯಾವುದು? ವ್ಯಾಕರಣವನ್ನೆಲ್ಲ ಬಾಯಿಪಾಠ ಮಾಡದೆ ಅದನ್ನು ಹಿಡಿಯುವುದು ಹೇಗೆ?”

ಕರಡು ತಿದ್ದುವ ಕೆಲಸದಲ್ಲಿ ನನ್ನ ಕಣ್ಣಿಗೆ ಬೀಳುವ ಸಂಧಿದೋಷಗಳಲ್ಲಿ ಹೆಚ್ಚಿನವು ನಿಯಮ ತಿಳಿಯದ್ದರಿಂದ ಆದವಲ್ಲ. ಬರೆಯುವವರು ಒಂದು ಸರಿಯಾದ ಪದವನ್ನು ಚೆನ್ನಾಗಿ ಬಲ್ಲರು. ಆದರೆ ಆ ಪದವನ್ನು ಬಿಡಿಸುವಾಗ ಕತ್ತರಿಯನ್ನು ತಪ್ಪು ಜಾಗದಲ್ಲಿಟ್ಟು, ಹಾಗೆ ಸಿಕ್ಕಿದ ತುಂಡನ್ನು ಬೇರೊಂದು ಪದಕ್ಕೆ ಅಂಟಿಸುತ್ತಾರೆ. ‘ಕೋಟ್ಯಾಂತರ’ ಹುಟ್ಟಿದ್ದು ಹೀಗೆ. ‘ಲಕ್ಷಾಂತರ’ ಎಂಬ ಪದ ನಾಲಿಗೆಯ ಮೇಲೆ ಸದಾ ಇರುವುದರಿಂದ ಅದರ ಉತ್ತರಾರ್ಧ ‘ಆಂತರ’ ಎಂದೇ ಕಿವಿಗೆ ಕೇಳಿಸುತ್ತದೆ, ಕೋಟಿಯ ಮುಂದೆ ಅದನ್ನೇ ತಂದಿಟ್ಟರೆ ‘ಕೋಟ್ಯಾಂತರ’ವಾಗುತ್ತದೆ.

ಲಕ್ಷಾಂತರದಲ್ಲಿರುವ ದೀರ್ಘ ಎಲ್ಲಿಂದ ಬಂತು ಎಂಬುದನ್ನು ನೋಡಿದರೆ ವಿಷಯ ಅರ್ಧ ಮುಗಿದಂತೆ. ಅಲ್ಲಿರುವುದು ಲಕ್ಷ ಮತ್ತು ಅಂತರ. ಲಕ್ಷದ ಕೊನೆಯಲ್ಲೊಂದು ಹ್ರಸ್ವ ಅಕಾರ, ಅಂತರದ ಮೊದಲಲ್ಲೊಂದು ಹ್ರಸ್ವ ಅಕಾರ. ಎರಡೂ ಸೇರಿ ಒಂದು ಆಕಾರವಾಯಿತು. ಇದು ಸವರ್ಣದೀರ್ಘ ಸಂಧಿ. ಆ ದೀರ್ಘ ಎರಡು ಪದಗಳ ಕೂಡಿಕೆಯಿಂದ ಹುಟ್ಟಿದ್ದೇ ಹೊರತು ಅಂತರ ಎಂಬ ಪದದ ಸ್ವಂತ ಆಸ್ತಿಯಲ್ಲ. ಕೋಟಿಯ ಕೊನೆಯಲ್ಲಿ ಇರುವುದು ಇಕಾರ. ಇಕಾರಕ್ಕೆ ಅಕಾರ ಸವರ್ಣವಲ್ಲದ ಕಾರಣ ಇಲ್ಲಿ ಎರಡೂ ಬೆರೆಯುವುದಿಲ್ಲ. ಇಕಾರ ಯಕಾರವಾಗಿ ಮಾರ್ಪಟ್ಟು, ಮುಂದಿನ ಅಕಾರ ಇದ್ದಂತೆಯೇ ಉಳಿಯುತ್ತದೆ. ಇದು ಯಣ್ ಸಂಧಿ, ರೂಪ ಕೋಟ್ಯಂತರ. ಇದೇ ಸಂಧಿಯಲ್ಲಿ ಉಕಾರಕ್ಕೆ ವಕಾರ ಬರುತ್ತದೆ: ಮನು ಮತ್ತು ಅಂತರ ಸೇರಿ ಮನ್ವಂತರ. ಅದನ್ನು ‘ಮನ್ವಾಂತರ’ ಎಂದು ಬರೆದವರನ್ನು ನಾನು ಕಂಡಿಲ್ಲ. ಕಾರಣ ಸರಳ, ಆ ಪದವನ್ನು ಯಾರೂ ಲಕ್ಷಾಂತರದ ಪಕ್ಕದಲ್ಲಿ ನಿಲ್ಲಿಸಿ ನೋಡುವುದಿಲ್ಲ.

ಒಮ್ಮೆ ಈ ಜಾಡು ಹಿಡಿದರೆ ಒಂದು ದೊಡ್ಡ ಕುಟುಂಬವೇ ಸಿಕ್ಕಿಬೀಳುತ್ತದೆ. ಪಕ್ಷಾತೀತ ಸರಿ, ಕಾಲಾತೀತ ಸರಿ. ಅವನ್ನು ನೋಡಿ ಬರೆದ ‘ಜಾತ್ಯಾತೀತ’ ತಪ್ಪು, ಜಾತಿ ಮತ್ತು ಅತೀತ ಸೇರಿದರೆ ಜಾತ್ಯತೀತ. ಮತಾಂತರ, ಪಕ್ಷಾಂತರಗಳನ್ನು ನೋಡಿ ಬರೆದ ‘ಗತ್ಯಾಂತರವಿಲ್ಲ’ ತಪ್ಪು, ಅದು ಗತ್ಯಂತರ. ಲಕ್ಷಾಧಿಪತಿಯ ನೆರಳಿನಲ್ಲಿ ಬಂದ ‘ಕೋಟ್ಯಾಧಿಪತಿ’ ಕೋಟ್ಯಧಿಪತಿಯಾಗಬೇಕು. ‘ಅತ್ಯಾಧಿಕ’ ಮತ್ತು ‘ಅತ್ಯಾಮೂಲ್ಯ’ಗಳಿಗೆ ದಾರಿ ತಪ್ಪಿಸಿದ್ದು ಬಹುಶಃ ಅತ್ಯಾಧುನಿಕ ಎಂಬ ಪದ. ಅಲ್ಲಿ ಎರಡನೆಯ ಪದವೇ ಆಧುನಿಕ ಎಂದು ದೀರ್ಘದಿಂದ ಶುರುವಾಗುವುದರಿಂದ ಆಕಾರಕ್ಕೆ ಹಕ್ಕಿದೆ. ಅಧಿಕ, ಅಮೂಲ್ಯಗಳಿಗೆ ಆ ಹಕ್ಕಿಲ್ಲ.

ಆದ್ದರಿಂದ ನಾನು ಮಾಡುವ ಪರೀಕ್ಷೆ ಇಷ್ಟೇ: ಎರಡನೆಯ ಪದವನ್ನು ಒಂಟಿಯಾಗಿ ಒಂದು ವಾಕ್ಯದಲ್ಲಿಟ್ಟು ಓದುತ್ತೇನೆ. ‘ಎಲ್ಲಕ್ಕೂ ಅತೀತನಾದವನು’ ಎನ್ನುತ್ತೇವೆಯೇ, ‘ಆತೀತನಾದವನು’ ಎನ್ನುತ್ತೇವೆಯೇ? ಹಿಂದಿನ ಪದ ಇ, ಈ, ಉ, ಊಗಳಲ್ಲಿ ಕೊನೆಗೊಂಡಿದ್ದು ಮುಂದೆ ಅಕಾರವೋ ಆಕಾರವೋ ಇದ್ದರೆ, ಆ ಹ್ರಸ್ವ ದೀರ್ಘಗಳು ಕೂಡಿಕೆಯ ನಂತರವೂ ಬದಲಾಗುವುದಿಲ್ಲ. ಈ ಪರೀಕ್ಷೆ ಕೈಕೊಡುವುದು ಎರಡನೆಯ ಪದಕ್ಕೇ ಎರಡು ರೂಪಗಳಿದ್ದಾಗ ಮಾತ್ರ. ಸಂಸ್ಕೃತದ ರೂಪ ಆವಶ್ಯಕ, ಕನ್ನಡದಲ್ಲಿ ಬಳಕೆಯಾಗಿರುವುದು ಹೆಚ್ಚಾಗಿ ಅವಶ್ಯಕ. ಹೀಗಾಗಿ ಅತ್ಯಾವಶ್ಯಕ, ಅತ್ಯವಶ್ಯಕ ಎರಡನ್ನೂ ನಾನು ಬಿಡುತ್ತೇನೆ, ಒಂದೇ ಲೇಖನದಲ್ಲಿ ಎರಡೂ ಕಾಣಿಸಿಕೊಂಡರೆ ಮಾತ್ರ ಕೈಹಾಕುತ್ತೇನೆ. ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ‘ತ್ಯಾ’ ಇದ್ದಲ್ಲೆಲ್ಲ ‘ತ್ಯ’ ಮಾಡು ಎಂದು ಕಂಪ್ಯೂಟರಿಗೆ ಒಂದೇ ಆಜ್ಞೆ ಕೊಟ್ಟರೆ ಇತ್ಯಾದಿ, ಅತ್ಯಾಚಾರ, ಪ್ರತ್ಯಾರೋಪ, ಅತ್ಯಾಕರ್ಷಕಗಳೆಲ್ಲ ಕೆಟ್ಟುಹೋಗುತ್ತವೆ. ಇವುಗಳಲ್ಲಿ ಎರಡನೆಯ ಪದಗಳು ಆದಿ, ಆಚಾರ, ಆರೋಪ, ಆಕರ್ಷಕ.

ಇದೇ ಬಗೆಯ ಇನ್ನೊಂದು ತುಂಡು ‘ಏತರ’. ಬೋಧಕೇತರ ಸಿಬ್ಬಂದಿ, ಪಠ್ಯೇತರ ಚಟುವಟಿಕೆ, ಕನ್ನಡೇತರ ಚಿತ್ರ, ಸರ್ಕಾರೇತರ ಸಂಸ್ಥೆ: ಈ ಎಲ್ಲವೂ ಗುಣಸಂಧಿಯಿಂದಾದ ಸರಿಯಾದ ರೂಪಗಳು, ಹಿಂದಿನ ಪದದ ಅಕಾರವೂ ‘ಇತರ’ದ ಇಕಾರವೂ ಸೇರಿ ಏಕಾರವಾಗಿದೆ. (ಸರ್ಕಾರ ಪಾರಸಿಯಿಂದ ಬಂದ ಪದ, ಅದಕ್ಕೆ ಸಂಸ್ಕೃತ ಸಂಧಿ ಹೇಗೆ ಎಂದು ಕೇಳುವವರಿದ್ದಾರೆ. ಜಿಲ್ಲಾಧಿಕಾರಿಯನ್ನು ಒಪ್ಪಿಕೊಂಡ ಮೇಲೆ ಆ ತಕರಾರಿಗೆ ಬಲವಿಲ್ಲ.) ಇಷ್ಟೆಲ್ಲ ಪದಗಳಲ್ಲಿ ಕೇಳಿಸಿಕೊಂಡ ಏತರವನ್ನು ಸ್ವತಂತ್ರ ಪದವೆಂದು ಭಾವಿಸಿದವರು ಕೃಷಿಗೂ ಹಿಂದಿಗೂ ಅದನ್ನೇ ಜೋಡಿಸಿ, ನಡುವೆ ಕನ್ನಡದ ಯಕಾರಾಗಮವನ್ನು ತಂದು ‘ಕೃಷಿಯೇತರ’, ‘ಹಿಂದಿಯೇತರ’ ಎಂದರು. ನಿಯಮದ ಪ್ರಕಾರ ಇಕಾರಕ್ಕೆ ಇಕಾರ ಸೇರಿದರೆ ಈಕಾರ, ಅಂದರೆ ಕೃಷೀತರ, ಹಿಂದೀತರ. ಯಕಾರಾಗಮವೇ ಬೇಕೆಂದರೂ ಆಗುವುದು ‘ಕೃಷಿಯಿತರ’, ಏಕಾರಕ್ಕಂತೂ ಯಾವ ದಾರಿಯಿಂದಲೂ ಪ್ರವೇಶವಿಲ್ಲ.

ಇಲ್ಲಿ ತಿದ್ದುವವರ ವಿವೇಕದ ಪ್ರಶ್ನೆ ಬರುತ್ತದೆ. ಕೃಷಿಯೇತರ ಎಂಬುದು ಕಂದಾಯದ ಕಾಗದಪತ್ರಗಳಲ್ಲಿ ಗಟ್ಟಿಯಾಗಿ ಕೂತಿರುವ ಪದ. ಜಮೀನಿನ ಆದೇಶವೊಂದನ್ನು ಉದ್ಧರಿಸುವಾಗ ನಾನು ಅದನ್ನು ಮುಟ್ಟುವುದಿಲ್ಲ, ಉದ್ಧರಣೆಯನ್ನು ತಿದ್ದುವ ಅಧಿಕಾರ ನನಗಿಲ್ಲ. ಲೇಖಕರ ಸ್ವಂತ ವಾಕ್ಯದಲ್ಲಿ ಬಂದರೆ ಕೃಷೀತರ ಎಂದು ತಿದ್ದುತ್ತೇನೆ, ಓದುಗರಿಗೆ ಅದು ತೊಡಕೆನಿಸುವಂತಿದ್ದರೆ ‘ಕೃಷಿಯಲ್ಲದ ಉದ್ದೇಶಕ್ಕೆ’ ಎಂದು ಬಿಡಿಸಿ ಬರೆಯುತ್ತೇನೆ. ಹಿಂದೀತರಕ್ಕಿಂತ ‘ಹಿಂದಿಯಲ್ಲದ’ ಎಂಬುದೇ ನನಗೆ ಇಷ್ಟ.

ಮೂರನೆಯ ತುಂಡು ‘ಮನೋ’. ಮನೋರಂಜನೆ, ಮನೋಭಾವ, ಮನೋಧರ್ಮ, ಮನೋವೈದ್ಯ, ಮನೋಬಲ ಎಲ್ಲವೂ ಬಾಯಲ್ಲಿರುವುದರಿಂದ ‘ಮನೋ’ ಎಂದರೇ ಮನಸ್ಸು ಎಂಬ ಭಾವನೆ ಬೇರೂರಿದೆ. ಮೂಲದಲ್ಲಿ ಇರುವುದು ಮನಃ. ಮುಂದಿನ ವ್ಯಂಜನ ಘೋಷವಾಗಿದ್ದಾಗ, ಎಂದರೆ ವರ್ಗದ ಮೂರು, ನಾಲ್ಕು, ಐದನೆಯ ಅಕ್ಷರಗಳು ಅಥವಾ ಯ, ರ, ಲ, ವ, ಹ ಬಂದಾಗ ಮಾತ್ರ ಅಃ ಎಂಬುದು ಓ ಆಗುತ್ತದೆ. ಮೇಲಿನ ಐದು ಪದಗಳ ಎರಡನೆಯ ಭಾಗಗಳನ್ನು ನೋಡಿ: ರ, ಭ, ಧ, ವ, ಬ. ಕ, ಪಗಳು ಬಂದರೆ ವಿಸರ್ಗ ಹಾಗೆಯೇ ಉಳಿಯುತ್ತದೆ: ಮನಃಪೂರ್ವಕ, ಮನಃಪರಿವರ್ತನೆ. ತಕಾರ ಬಂದರೆ ಸಕಾರ: ಮನಸ್ತಾಪ. ಶ, ಸಗಳು ಬಂದರೆ ವಿಸರ್ಗವನ್ನು ಉಳಿಸಿಕೊಳ್ಳಬಹುದು ಅಥವಾ ಮುಂದಿನ ಅಕ್ಷರವನ್ನು ದ್ವಿತ್ವ ಮಾಡಬಹುದು: ಮನಃಶಾಂತಿ ಅಥವಾ ಮನಶ್ಶಾಂತಿ, ಮನಃಶಾಸ್ತ್ರ ಅಥವಾ ಮನಶ್ಶಾಸ್ತ್ರ. ‘ಮನೋಶಾಸ್ತ್ರ’, ‘ಮನೋಪರಿವರ್ತನೆ’, ‘ಮನೋಸ್ಥಿತಿ’ಗಳು ಈ ಲೆಕ್ಕದಲ್ಲಿ ನಿಲ್ಲುವುದಿಲ್ಲ. ಆದರೆ ‘ಮನಸ್ಥಿತಿ’ ಎಂದು ವಿಸರ್ಗವಿಲ್ಲದೆ ಬರೆದದ್ದನ್ನು ಅವಸರದಲ್ಲಿ ತಿದ್ದಬೇಡಿ. ಸಕಾರದ ಬೆನ್ನಿಗೇ ಥಕಾರದಂತಹ ಅಘೋಷ ವ್ಯಂಜನ ಇದ್ದಾಗ ವಿಸರ್ಗವನ್ನು ಬಿಡುವುದಕ್ಕೆ ಸಂಸ್ಕೃತ ವ್ಯಾಕರಣದಲ್ಲೇ ಅನುಮತಿಯಿದೆ. ಮನಃಸ್ಥಿತಿಯಷ್ಟೇ ಅದೂ ಸರಿ. ‘ಮನಪೂರ್ವಕ’ಕ್ಕೆ ಈ ಅನುಮತಿ ಇಲ್ಲ.

ಕನ್ನಡದ್ದೇ ಆದ ಸಂಧಿಗಳಲ್ಲಿ ಇಷ್ಟು ತಪ್ಪುಗಳು ಆಗುವುದಿಲ್ಲ. ಊರನ್ನು, ಮನೆಯನ್ನು, ಗುರುವನ್ನು ಎಂದು ಬರೆಯುವಾಗ ಲೋಪ, ಯಕಾರಾಗಮ, ವಕಾರಾಗಮ ಎಂದು ಯಾರೂ ಯೋಚಿಸುವುದಿಲ್ಲ, ಕೈ ತಾನಾಗಿ ಸರಿಯಾಗಿ ಓಡುತ್ತದೆ. ಎಡವುವುದು ವ್ಯಂಜನದಲ್ಲಿ ನಿಲ್ಲುವ ಇಂಗ್ಲಿಷ್ ಪದಗಳ ಬಳಿ. ‘ಬಸ್‌ನ್ನು ನಿಲ್ಲಿಸಿದರು’, ‘ಫೋನ್‌ನ್ನು ಎತ್ತಿಕೊಂಡಳು’ ಎಂಬಂತಹ ವಾಕ್ಯಗಳು ಈಗ ದಿನವೂ ಕಾಣುತ್ತವೆ. ಇಲ್ಲೂ ಕತ್ತರಿ ತಪ್ಪು ಜಾಗದಲ್ಲಿ ಬಿದ್ದಿದೆ: ಮನೆಯನ್ನು ಎಂಬುದರಲ್ಲಿ ಪ್ರತ್ಯಯ ‘ನ್ನು’ ಎಂದು ತಿಳಿದು ಅದನ್ನಷ್ಟೇ ಕಿತ್ತು ತಂದಿದ್ದಾರೆ. ದ್ವಿತೀಯಾ ಪ್ರತ್ಯಯ ‘ಅನ್ನು’. ಅದರ ಅಕಾರ ಯಕಾರದೊಳಗೆ ಕೂತಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ‘ಬಸ್‌ನ್ನು’ ಎಂಬುದನ್ನು ಬರೆದಂತೆಯೇ ಗಟ್ಟಿಯಾಗಿ ಓದಲು ಯತ್ನಿಸಿದರೆ ನಡುವೆ ಒಂದು ಸ್ವರ ಬೇಕೆಂದು ನಾಲಿಗೆಯೇ ಹೇಳುತ್ತದೆ. ಬಸ್ಸು ಎಂದು ಕನ್ನಡಿಸಿಕೊಂಡು ಬಸ್ಸನ್ನು ಎನ್ನಬಹುದು, ಉಕಾರ ಲೋಪವಾಗುತ್ತದೆ. ಫೋನನ್ನು, ಕಾರನ್ನು ಸರಾಗ. ಪದ ಹೊಸದಾಗಿದ್ದು ಕೂಡಿಸಿದರೆ ಗುರುತು ಸಿಗದಂತಿದ್ದರೆ ‘ಅನ್ನು’ವನ್ನು ಪೂರ್ತಿಯಾಗಿ ಬಿಡಿಸಿ ಬರೆಯುವುದೂ ಸರಿಯೇ. ಮನುಷ್ಯರ ಹೆಸರಿಗೆ ಮಾತ್ರ ಬೇರೆ ಲೆಕ್ಕ: ರಾಮನನ್ನು ಎಂಬಂತೆ ರಾಹುಲ್‌ನನ್ನು, ಅಲ್ಲಿ ಮೊದಲ ನಕಾರ ಪ್ರತ್ಯಯದ್ದಲ್ಲ.

ಕೊನೆಗೆ, ಸರಿಯಾದದ್ದನ್ನೇ ತಪ್ಪೆಂದು ತಿದ್ದುವ ಒಂದು ಪ್ರಕರಣ. ‘ಅಂತಾರಾಷ್ಟ್ರೀಯ’ ಎಂದು ಬರೆದರೆ ರಕಾರ ಬಿಟ್ಟುಹೋಗಿದೆಯೆಂದು ಭಾವಿಸಿ ‘ಅಂತರರಾಷ್ಟ್ರೀಯ’ ಮಾಡುವವರು ಹಲವರು. ಅಂತರ್ ಎಂಬುದರ ಮುಂದೆ ರಾಷ್ಟ್ರೀಯ ಬಂದಾಗ ಎರಡು ರಕಾರಗಳು ಎದುರಾಗುತ್ತವೆ. ಆಗ ಮೊದಲಿನ ರಕಾರ ಲೋಪವಾಗಿ, ಅದರ ಹಿಂದಿನ ಹ್ರಸ್ವ ಸ್ವರ ದೀರ್ಘವಾಗುತ್ತದೆ. ನಿರ್ ಮತ್ತು ರಸ ಸೇರಿ ನೀರಸ, ನಿರ್ ಮತ್ತು ರವ ಸೇರಿ ನೀರವ ಆಗಿರುವುದು ಇದೇ ನಿಯಮದಿಂದ. ‘ನಿರೋಗಿ’ ಎಂದು ಹ್ರಸ್ವದಲ್ಲಿ ಬರೆಯುವುದು ತಪ್ಪಾಗುವುದೂ ಇದರಿಂದಲೇ. ಪುನರ್ ಮುಂದೆ ರಚನೆ ಬಂದರೂ ಹಾಗೆಯೇ, ಪುನಾರಚನೆ. ನಿಯಮದ ಪಕ್ಷ ವಹಿಸಿದರೆ ಅಂತಾರಾಷ್ಟ್ರೀಯವೇ ಸರಿ. ಹಾಗಿದ್ದೂ ಅಂತರರಾಷ್ಟ್ರೀಯ ಎಂಬ ರೂಪ ಪತ್ರಿಕೆಗಳಲ್ಲೂ ಪಠ್ಯಗಳಲ್ಲೂ ಎಷ್ಟು ಹರಡಿದೆಯೆಂದರೆ ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕುವುದನ್ನು ನಾನು ಬಿಟ್ಟಿದ್ದೇನೆ. ಪ್ರಕಾಶಕರು ಯಾವುದನ್ನು ಬಳಸುತ್ತಾರೋ ಅದನ್ನು ಕೇಳಿಕೊಂಡು, ಮೊದಲ ಪುಟದಿಂದ ಪದಸೂಚಿಯವರೆಗೆ ಅದೊಂದೇ ರೂಪ ಇರುವಂತೆ ನೋಡಿಕೊಳ್ಳುತ್ತೇನೆ. ಕೋಟ್ಯಾಂತರಕ್ಕೆ ಮಾತ್ರ ಈ ರಿಯಾಯಿತಿ ಕೊಡುವ ಮನಸ್ಸು ನನಗಿನ್ನೂ ಬಂದಿಲ್ಲ.