ಸ್ಪೀಡ್ ನೂರು ಇದೆ, ಪಕ್ಕದ ಬೀದಿ ಫ್ರೆಂಡ್ ಮಾತು ಮಾತ್ರ ಕೇಳಿಸಲ್ಲ

ದಾವಣಗೆರೆಯಲ್ಲಿ ಒಂದು ಫೈಬರ್ ಇಂಟರ್‌ನೆಟ್ ಕಂಪನಿಯಲ್ಲಿ ನನ್ನದು ಫೀಲ್ಡ್ ಕೆಲಸ. ಹೊಸ ಕನೆಕ್ಷನ್ ಕೊಡುವುದು, ಕಂಪ್ಲೇಂಟ್ ಬಂದರೆ ಬೈಕ್ ಹತ್ತಿ ಹೋಗುವುದು. ನಮ್ಮಲ್ಲಿ ಕಂಪ್ಲೇಂಟ್ ಅಂದರೆ ಎರಡೇ ಜಾತಿ: ನೆಟ್ ಬರ್ತಿಲ್ಲ, ನೆಟ್ ಸ್ಲೋ ಇದೆ. ಮೂರನೆಯದೊಂದು ಇದೆ ಅಂತ ಗೊತ್ತಾಗೋಕೆ ಒಂದೇ ಮನೆಗೆ ಮೂರು ಸಲ ಹೋಗಬೇಕಾಯಿತು.

ಆ ಮನೆಯಲ್ಲಿ ಪಿಯುಸಿ ಓದುವ ಹುಡುಗನ ಹತ್ತಿರ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಇತ್ತು. ಪಾರ್ಟಿ ಚಾಟ್‌ನಲ್ಲಿ ಫ್ರೆಂಡ್ ಮಾತು ಕೇಳಿಸಲ್ಲ, ಫೈಟಿಂಗ್ ಗೇಮ್‌ನಲ್ಲಿ ಎದುರಾಳಿ ಸಿಗೋದೇ ಇಲ್ಲ, ಸಿಕ್ಕರೂ ಶುರುವಾಗುವ ಮೊದಲೇ ಕನೆಕ್ಷನ್ ಕಟ್ ಆಗುತ್ತೆ. ಇದು ಅವನ ದೂರು. ನಾನು ಅಭ್ಯಾಸದಂತೆ ಪವರ್ ಮೀಟರ್ ಹಾಕಿ ನೋಡಿದೆ. ಮೈನಸ್ 21, ಫೈಬರ್‌ನಲ್ಲಿ ತೊಂದರೆ ಇಲ್ಲ. ಸ್ಪೀಡ್ ಟೆಸ್ಟ್ ಮಾಡಿದರೆ ನೂರಕ್ಕೆ ನೂರು ಬಂತು. ಪ್ಯಾಚ್ ಕಾರ್ಡ್ ಬದಲಾಯಿಸಿದೆ. "ನಮ್ಮ ಕಡೆಯಿಂದ ಎಲ್ಲಾ ಸರಿ ಇದೆ ಮೇಡಂ, ಗೇಮ್‌ನವರ ಸರ್ವರ್ ತೊಂದರೆ" ಅಂತ ಅವನ ತಾಯಿಗೆ ಹೇಳಿ ಬಂದೆ. ಹುಡುಗ ಬಾಗಿಲ ತನಕ ಬಂದು "ಅಣ್ಣಾ, ನ್ಯಾಟ್ ಸ್ಟ್ರಿಕ್ಟ್ ಅಂತ ತೋರಿಸ್ತಿದೆ" ಅಂದ. ನೋಡೋಣ ಬಿಡು ಅಂದೆ. ನ್ಯಾಟ್ ಅಂದರೆ ಮನೆಯ ಎಲ್ಲಾ ಸಾಧನಗಳನ್ನೂ ಹೊರಗಿನ ಒಂದೇ ವಿಳಾಸದ ಹಿಂದೆ ಇಟ್ಟು ನಡೆಸುವ ರೂಟರ್‌ನ ಕೆಲಸ.

ಎರಡನೇ ಸಲ ಸ್ವಲ್ಪ ಓದಿಕೊಂಡು ಹೋದೆ. ಎಕ್ಸ್‌ಬಾಕ್ಸ್ ಬೇರೆ ಎಕ್ಸ್‌ಬಾಕ್ಸ್‌ಗಳ ಜೊತೆ ಮಾತಾಡೋದು ಮುಖ್ಯವಾಗಿ ಯುಡಿಪಿ 3074 ಪೋರ್ಟ್‌ನಲ್ಲಿ. ಅವರ ವೈಫೈ ರೂಟರ್‌ಗೆ ಲಾಗಿನ್ ಆಗಿ ಎಕ್ಸ್‌ಬಾಕ್ಸ್‌ಗೆ ಒಂದು ಐಪಿ ಕಾಯಂ ಮಾಡಿದೆ, 3074 ಅನ್ನು ಅದಕ್ಕೆ ಫಾರ್ವರ್ಡ್ ಮಾಡಿದೆ. ಮತ್ತೆ ಟೆಸ್ಟ್ ಮಾಡಿದರೂ ಸ್ಟ್ರಿಕ್ಟ್. ಸಿಟ್ಟು ಬಂದು, ಹೊರಗಿನಿಂದ ಬಂದದ್ದನ್ನೆಲ್ಲಾ ಒಂದೇ ಸಾಧನಕ್ಕೆ ಕಳಿಸುವ ಡಿಎಂಜೆಡ್ ಕೂಡ ಆನ್ ಮಾಡಿದೆ. ಆಗಲೂ ಸ್ಟ್ರಿಕ್ಟ್. ಹುಡುಗ ಮೊಬೈಲ್‌ನಲ್ಲಿ ಒಂದು ಫೋಟೋ ತೋರಿಸಿದ. ಟಿವಿ ಪರದೆ ಮೇಲೆ `Double NAT detected` ಅಂತ ಬಂದಿದ್ದನ್ನು ಹಿಂದಿನ ದಿನವೇ ತೆಗೆದಿಟ್ಟಿದ್ದ. ಉತ್ತರ ಕಣ್ಣೆದುರೇ ಇತ್ತು. ಅದು ಬರ್ತಾ ಇರುತ್ತೆ ಬಿಡು ಅಂದುಬಿಟ್ಟೆ. ಇವತ್ತಿಗೂ ನೆನೆಸಿಕೊಂಡರೆ ನಾಚಿಕೆಯಾಗುತ್ತೆ.

ಮೂರನೇ ಸಲ ಹೋಗುವ ಮುಂಚೆ ಫೋನ್‌ನಲ್ಲಿ ಒಂದು ಪ್ರಶ್ನೆ ಕೇಳಿದೆ: ಯಾರ ಮಾತು ಕೇಳಿಸುತ್ತೆ, ಯಾರದು ಕೇಳಿಸಲ್ಲ? ಮೊದಲ ದಿನವೇ ಕೇಳಬೇಕಿತ್ತು. ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ ಚೆನ್ನಾಗಿ ಕೇಳಿಸುತ್ತಾನಂತೆ. ಪಕ್ಕದ ಬೀದಿಯ ಫ್ರೆಂಡ್ ಕೇಳಿಸಲ್ವಂತೆ. ಬೆಂಗಳೂರಿನವನಿಗೆ ಮಾತ್ರ ಇಬ್ಬರೂ ಕೇಳಿಸುತ್ತಾರೆ. ಅವನು ನಡುವೆ ಕೂತು ಇವನ ಮಾತು ಅವನಿಗೆ, ಅವನ ಮಾತು ಇವನಿಗೆ ಹೇಳುತ್ತಿದ್ದನಂತೆ. 260 ಕಿಲೋಮೀಟರ್ ದೂರದವನ ಮಾತು ಕೇಳಿಸುತ್ತೆ, ನಮ್ಮದೇ ಕನೆಕ್ಷನ್ ಇರುವ ಪಕ್ಕದ ಬೀದಿಯವನದು ಕೇಳಿಸಲ್ಲ. ಸ್ಪೀಡ್ ತೊಂದರೆಯಾಗಿದ್ದರೆ ಹೀಗೆ ಆಳು ನೋಡಿ ಬರುತ್ತಿರಲಿಲ್ಲ.

ಇಲ್ಲಿ ಆಗುವುದು ಏನಂದರೆ, ಎಲ್ಲರೂ ಕಂಪನಿಯ ಸರ್ವರ್‌ಗೆ ಹೋಗಿ ಆಡುವ ಗೇಮ್‌ಗೆ ನ್ಯಾಟ್ ಅಷ್ಟಾಗಿ ಅಡ್ಡ ಬರಲ್ಲ. ಮನೆಯಿಂದ ಹೊರಗೆ ಹೋಗುವುದನ್ನು ರೂಟರ್ ಸಾಮಾನ್ಯವಾಗಿ ತಡೆಯುವುದಿಲ್ಲ. ಒಂದು ಕನ್ಸೋಲ್ ಇನ್ನೊಂದು ಕನ್ಸೋಲ್‌ಗೆ ನೇರವಾಗಿ ಮಾತಾಡುವಾಗ ತೊಂದರೆ ಶುರು. ಆಗ ಒಬ್ಬರ ಮನೆಗೆ ಹೊರಗಿನಿಂದ ಇನ್ನೊಬ್ಬರು ಒಳಗೆ ಬರಬೇಕಲ್ಲ.

ಅಪಾರ್ಟ್‌ಮೆಂಟ್ ಗೇಟ್‌ನ ವಾಚ್‌ಮನ್ ಅಂದುಕೊಳ್ಳಿ. 302ನೇ ಮನೆಗೆ ಯಾರು ಬಂದರೂ ಬಿಡು ಅಂತ ಅವನಿಗೆ ಹೇಳಿಟ್ಟಿದ್ದರೆ ಅದು ಓಪನ್. 302ರವರು ಮೊದಲೇ ಫೋನ್ ಮಾಡಿ ಕರೆದವರನ್ನು ಮಾತ್ರ ಬಿಟ್ಟರೆ ಮಾಡರೇಟ್. ಸ್ಟ್ರಿಕ್ಟ್ ಇನ್ನೂ ವಿಚಿತ್ರ. ನೀವು ಪ್ರತಿ ಸಲ ಹೊಸಬರಿಗೆ ಫೋನ್ ಮಾಡಿದಾಗಲೂ ವಾಚ್‌ಮನ್ ಬೇರೆ ಬೇರೆ ಗೇಟ್ ನಂಬರ್ ಕೊಡುತ್ತಾನೆ. ಎಕ್ಸ್‌ಬಾಕ್ಸ್ ಸರ್ವರ್ ನೋಡಿದ್ದು 5ನೇ ಗೇಟ್. ಅದನ್ನೇ ಅದು ಫ್ರೆಂಡ್‌ಗೆ ಹೇಳುತ್ತೆ. ಫ್ರೆಂಡ್ ಬಂದು 5ನೇ ಗೇಟ್ ತಟ್ಟುತ್ತಾನೆ. ಅವನಿಗಾಗಿ ತೆಗೆದಿರುವುದು 9ನೇ ಗೇಟ್. ಯಾರೂ ಬಾಗಿಲು ತೆಗೆಯಲ್ಲ.

ಹಾಗಾಗಿ ಓಪನ್ ಇರುವವರಿಗೆ ಎಲ್ಲರೂ ಸಿಗುತ್ತಾರೆ. ಮಾಡರೇಟ್‌ನವರಿಗೆ ಓಪನ್ ಮತ್ತು ಮಾಡರೇಟ್ ಸಿಗುತ್ತಾರೆ. ಸ್ಟ್ರಿಕ್ಟ್‌ನವರಿಗೆ ಓಪನ್ ಮಾತ್ರ. ನಮ್ಮ ಹುಡುಗನೂ ಪಕ್ಕದ ಬೀದಿಯವನೂ ಸ್ಟ್ರಿಕ್ಟ್, ಬೆಂಗಳೂರಿನವನು ಓಪನ್. ಲೆಕ್ಕ ಸರಿಯಾಯಿತು. ಮ್ಯಾಚ್ ಸಿಗದಿದ್ದದ್ದೂ ಇದಕ್ಕೇ. ಫೈಟಿಂಗ್ ಗೇಮ್‌ಗಳಲ್ಲಿ ಸಾಮಾನ್ಯವಾಗಿ ಇಬ್ಬರ ಕನ್ಸೋಲ್‌ಗಳೇ ನೇರ ಜೋಡಿಯಾಗುತ್ತವೆ. ಸ್ಟ್ರಿಕ್ಟ್‌ನವನಿಗೆ ಜೋಡಿ ಸಿಗೋ ಗುಂಪೇ ಚಿಕ್ಕದು.

ಮೂರನೇ ಸಲ ಹೋದಾಗ ರೂಟರ್ ಮುಟ್ಟಲಿಲ್ಲ. ಮೊದಲು ಲ್ಯಾಪ್‌ಟಾಪ್ ಸಿಕ್ಕಿಸಿ ದಾರಿ ನೋಡಿದೆ. ಸಮಯದ ಅಂಕಿಗಳನ್ನು ಬಿಟ್ಟರೆ ಬಂದದ್ದು ಇಷ್ಟು:

```
tracert -d 8.8.8.8
  1   192.168.0.1
  2   192.168.1.1
  3   100.72.16.1
```

ಮೊದಲನೆಯದು ಅವರು ಅಂಗಡಿಯಿಂದ ತಂದ ವೈಫೈ ರೂಟರ್. ಎರಡನೆಯದು ನಾವೇ ಹಾಕಿದ ಓಎನ್‌ಟಿ, ಅಂದರೆ ಫೈಬರ್ ಮೋಡೆಮ್. ಅದೂ ರೂಟರ್ ಕೆಲಸ ಮಾಡುತ್ತಿತ್ತು. ಒಂದರ ಹಿಂದೆ ಒಂದು ಎರಡು ನ್ಯಾಟ್. ನಾನು ಪೋರ್ಟ್ ಫಾರ್ವರ್ಡ್ ಮಾಡಿದ್ದು ಒಳಗಿನ ರೂಟರ್‌ನಲ್ಲಿ. ಹೊರಗಿನಿಂದ ಬಂದದ್ದು ಓಎನ್‌ಟಿ ಬಳಿಯೇ ನಿಂತುಬಿಡುತ್ತೆ, ಒಳಗಿನ ಬಾಗಿಲು ಎಷ್ಟು ತೆಗೆದಿಟ್ಟರೇನು?

ಮೂರನೇ ಸಾಲು ನೋಡಿ ಹೊಟ್ಟೆ ಚುರುಕ್ ಅಂತು. 100.64ರಿಂದ 100.127ರ ತನಕದ ವಿಳಾಸಗಳನ್ನು 2012ರಲ್ಲಿ ಇಂಟರ್‌ನೆಟ್ ಕಂಪನಿಗಳ ಒಳಬಳಕೆಗೇ ಅಂತ ಮೀಸಲಿಟ್ಟಿದ್ದಾರೆ. ಓಎನ್‌ಟಿ ಒಳಗೆ ಹೋಗಿ ಅದರ ಹೊರಗಿನ ಕಡೆಯ ವಿಳಾಸ, ಅಂದರೆ `WAN IP` ನೋಡಿದೆ. ಅದೂ 100.72. ಅಂದರೆ ನಮ್ಮ ಕಂಪನಿಯ ಒಳಗೇ ಇನ್ನೊಂದು ದೊಡ್ಡ ನ್ಯಾಟ್, ಸಿಜಿನ್ಯಾಟ್. ಎಷ್ಟೋ ಮನೆಗಳಿಗೆ ಹೊರಜಗತ್ತಿನಲ್ಲಿ ಒಂದೇ ವಿಳಾಸ. ನಮ್ಮವರನ್ನು ಪೂರ್ತಿ ಬೈಯುವ ಹಾಗೂ ಇಲ್ಲ. ಏಷ್ಯಾ ಪೆಸಿಫಿಕ್ ಭಾಗಕ್ಕೆ ವಿಳಾಸ ಹಂಚುವ ಏಪಿನಿಕ್ 2011ರ ಏಪ್ರಿಲ್‌ನಲ್ಲೇ ಐಪಿವಿ4ರ ಕೊನೆಯ ಬ್ಲಾಕ್‌ಗೆ ಕೈ ಹಾಕಿತ್ತು. ಆಮೇಲೆ ಬಂದ ಕಂಪನಿಗಳಿಗೆ ಸಿಕ್ಕಿದ್ದು ಚೂರುಪಾರು.

ನಿಮ್ಮ ಮನೆಯಲ್ಲಿ ಇದನ್ನು ನೋಡಲು ಲ್ಯಾಪ್‌ಟಾಪ್ ಕೂಡ ಬೇಡ. ರೂಟರ್ ಪುಟದಲ್ಲಿ `WAN IP` ನೋಡಿ. ಬ್ರೌಸರ್‌ನಲ್ಲಿ what is my ip ಅಂತ ಹುಡುಕಿ ಬರುವ ಐಪಿವಿ4 ನಂಬರ್ ನೋಡಿ. ಎರಡೂ ಒಂದೇ ಇದ್ದರೆ ಬಾಗಿಲು ನಿಮ್ಮ ಕೈಯಲ್ಲಿದೆ. ಬೇರೆ ಬೇರೆ ಇದ್ದು, WAN 192.168ರಿಂದ ಶುರುವಾದರೆ ಮನೆಯಲ್ಲೇ ಇನ್ನೊಂದು ಪೆಟ್ಟಿಗೆ ರೂಟರ್ ಆಗಿ ಕೂತಿದೆ ಅಂತ ಅನುಮಾನಿಸಿ. 100.64 ಮತ್ತು 100.127ರ ನಡುವೆ ಇದ್ದರೆ ಅದು ಕಂಪನಿಯ ಕೆಲಸ. ಅಲ್ಲಿ ನೀವು ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದರೂ ದಂಡ. 10ರಿಂದ ಶುರುವಾದರೆ ಎರಡರಲ್ಲಿ ಯಾವುದಾದರೂ ಇರಬಹುದು, ಮನೆಯ ಪೆಟ್ಟಿಗೆಗಳನ್ನು ಎಣಿಸಿ ನೋಡಬೇಕು.

ಮೊದಲು ಮನೆಯೊಳಗಿನ ಎರಡನ್ನು ಒಂದು ಮಾಡಿದೆ. ಓಎನ್‌ಟಿಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿ ಅದರ ರೂಟರ್ ಕೆಲಸ ನಿಲ್ಲಿಸಿ, ನಮ್ಮ ನೆಟ್‌ಗೆ ಲಾಗಿನ್ ಆಗುವ ಪಿಪಿಪಿಒಇ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಅನ್ನು ವೈಫೈ ರೂಟರ್‌ಗೆ ಕೊಟ್ಟೆ. ಓಎನ್‌ಟಿಗೆ ಲ್ಯಾಂಡ್‌ಲೈನ್ ಫೋನ್ ಸಿಕ್ಕಿಸಿದ್ದರೆ ಹುಷಾರು, ಅದರ ಪ್ರೊಫೈಲ್ ಬೇರೆ ಇರುತ್ತೆ, ಅದನ್ನು ಅಳಿಸಬಾರದು. ಇದು ಕಷ್ಟ ಅನಿಸಿದರೆ ತಿರುಗಿಸಿಯೂ ಮಾಡಬಹುದು. ವೈಫೈ ರೂಟರ್ ಅನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿದರೆ ರೂಟರ್ ಕೆಲಸ ಓಎನ್‌ಟಿ ಒಂದೇ ಮಾಡುತ್ತೆ.

ಆಮೇಲೆ ನನ್ನದೇ ಹಳೆ ಪೋರ್ಟ್ ಫಾರ್ವರ್ಡ್, ಡಿಎಂಜೆಡ್ ಎರಡನ್ನೂ ಅಳಿಸಿ ಯುಪಿಎನ್‌ಪಿ ಒಂದನ್ನೇ ಆನ್ ಇಟ್ಟೆ. ಅದು ಇದ್ದರೆ ಕನ್ಸೋಲ್ ತನಗೆ ಬೇಕಾದ ಪೋರ್ಟ್ ತಾನೇ ಕೇಳಿ ತೆಗೆಸಿಕೊಳ್ಳುತ್ತೆ. ಕೈಯಿಂದ ಹಾಕಿದ್ದೂ ಇದೂ ಒಟ್ಟಿಗಿದ್ದರೆ ಕಿತ್ತಾಟ. ಎಕ್ಸ್‌ಬಾಕ್ಸ್‌ನ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಪೂರ್ತಿ ಆಫ್ ಮಾಡಿಸಿದೆ. ಸುಮ್ನೆ ರಿಮೋಟ್‌ನಲ್ಲಿ ಟಿವಿ ಆಫ್ ಮಾಡಿದರೆ ಎಕ್ಸ್‌ಬಾಕ್ಸ್ ಪೂರ್ತಿ ಆಫ್ ಆಗಲ್ಲ, ಹಳೆಯದನ್ನೇ ಹಿಡಿದುಕೊಂಡಿರಬಹುದು. `Settings` → `General` → `Network settings` → `Test NAT type` ಒತ್ತಿದ. ಮಾಡರೇಟ್ ಬಂತು.

ಹುಡುಗ ಕುಣಿದಾಡಿದ. ಪಕ್ಕದ ಬೀದಿಯವನನ್ನು ಪಾರ್ಟಿಗೆ ಕರೆದ. ಇಬ್ಬರೂ ಹಲೋ ಹಲೋ ಅಂದರು. ಕೇಳಿಸಲಿಲ್ಲ. ಮಾಡರೇಟ್ ಮತ್ತು ಸ್ಟ್ರಿಕ್ಟ್‌ಗೆ ಆಗಲ್ಲವಲ್ಲ. ಆದರೆ ಫೈಟಿಂಗ್ ಗೇಮ್‌ನಲ್ಲಿ ಮೂರು ಮ್ಯಾಚ್ ಒಂದರ ಹಿಂದೆ ಒಂದು ಸಿಕ್ಕವು.

ಉಳಿದದ್ದು ಸಿಜಿನ್ಯಾಟ್. ಆಫೀಸ್‌ಗೆ ಫೋನ್ ಮಾಡಿದೆ. "ಸರ್, ಈ ಐಡಿಗೆ ಪಬ್ಲಿಕ್ ಐಪಿ ಕೊಡಬಹುದಾ?" ತಿಂಗಳಿಗೆ ಬೇರೆ ಚಾರ್ಜ್ ಆಗುತ್ತೆ, ಕೇಳಿ ಹೇಳು ಅಂದರು. ಮೇಡಂಗೆ ಹೇಳಿದೆ. ಅವರು ಮಗನ ಮುಖ ನೋಡಿದರು, ಪಾಕೆಟ್ ಮನಿಯಲ್ಲಿ ಹಿಡಿದುಕೊಳ್ತೀನಿ ಅಂದರು. ಅರ್ಧ ಗಂಟೆಯಲ್ಲಿ ಹೊಸ ಐಪಿ ಬಂತು. ರೂಟರ್ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ, ಹೊರಗಿನಿಂದ ಲಾಗಿನ್ ಆಗುವುದನ್ನು ಆಫ್ ಮಾಡಿದೆ. ಇಷ್ಟು ದಿನ ಸಿಜಿನ್ಯಾಟ್ ಹಿಂದೆ ಅಡಗಿದ್ದ ರೂಟರ್ ಈಗ ಬೀದಿಗೆ ಬಂತಲ್ಲ. ಮತ್ತೆ ಟೆಸ್ಟ್. ಓಪನ್. ಪಕ್ಕದ ಬೀದಿಯವನ ಮನೆಯಲ್ಲಿ ನಾವು ಏನೂ ಮುಟ್ಟಿರಲಿಲ್ಲ, ಅವನದು ಇನ್ನೂ ಸ್ಟ್ರಿಕ್ಟೇ. ಆದರೂ ಟಿವಿಯಲ್ಲಿ ಅವನ ಮನೆಯ ಕುಕ್ಕರ್ ಸೀಟಿ ಸಮೇತ ಎಲ್ಲಾ ಕೇಳಿಸಿತು.

ಪ್ಲೇಸ್ಟೇಷನ್ ಇರುವವರು ನನ್ನನ್ನು ಆಗಾಗ ಹಿಡಿದು ನಿಲ್ಲಿಸುತ್ತಾರೆ, ಟೈಪ್ 1 ಮಾಡಿಕೊಡಿ ಅಂತ. ಅದರಲ್ಲಿ ಟೈಪ್ 1 ಅಂದರೆ ರೂಟರ್ ಇಲ್ಲದೆ ನೇರ ಇಂಟರ್‌ನೆಟ್‌ಗೆ ಸಿಕ್ಕಿಸಿದ್ದು. ರೂಟರ್ ಹಿಂದೆ ಟೈಪ್ 2 ಇದ್ದರೆ ಸಾಕು, ಟೈಪ್ 3 ಬಂದರೆ ಮಾತ್ರ ತಲೆ ಕೆಡಿಸಿಕೊಳ್ಳಿ.

ಒಂದು ತಿಂಗಳಾದ ಮೇಲೆ ಅದೇ ಮನೆಯಿಂದ ಫೋನ್ ಬಂತು. ಬೆಂಗಳೂರಿನ ಅಣ್ಣ ರಜೆಗೆ ಬಂದಿದ್ದಾನೆ, ಅವನೂ ಎಕ್ಸ್‌ಬಾಕ್ಸ್ ತಂದಿದ್ದಾನೆ, ಮೊದಲು ಆನ್ ಮಾಡಿದವನಿಗೆ ಓಪನ್, ಎರಡನೆಯವನಿಗೆ ಮಾಡರೇಟ್, ದಿನಾ ಬೆಳಿಗ್ಗೆ ಇದೇ ಜಗಳ. ಈ ಸಲ ಬೈಕ್ ತೆಗೆಯಲಿಲ್ಲ. ಎರಡೂ ಎಕ್ಸ್‌ಬಾಕ್ಸ್ 3074 ನನಗೆ ಬೇಕು ಅನ್ನುತ್ತಿವೆ, ರೂಟರ್ ಅದನ್ನು ಮೊದಲು ಕೇಳಿದವನಿಗೆ ಕೊಡುತ್ತಿದೆ. ಫೋನ್‌ನಲ್ಲೇ ಹೇಳಿದೆ: ಅಣ್ಣನ ಎಕ್ಸ್‌ಬಾಕ್ಸ್‌ನಲ್ಲಿ `Network settings` → `Advanced settings` → `Alternate port selection`, ಅಲ್ಲಿ `Manual` ಮಾಡಿ ಪಟ್ಟಿಯಲ್ಲಿರುವ ಯಾವುದಾದರೂ ಒಂದು ನಂಬರ್ ಆರಿಸಿ, ಪೂರ್ತಿ ಆಫ್ ಮಾಡಿ ಆನ್ ಮಾಡಿ. ಐದು ನಿಮಿಷಕ್ಕೆ ವಾಟ್ಸಾಪ್‌ನಲ್ಲಿ ಎರಡು ಫೋಟೋ ಬಂದವು. ಎರಡರಲ್ಲೂ ಓಪನ್.